ಗೋಷ್ಠಿಯನ್ನು ಹೊತ್ತಿಗೆ ಸರಿಯಾಗಿ ಮುಗಿಸಿದ್ದು ಹೀಗೆ

ಹೋದ ವರ್ಷ ನಮ್ಮ ತಾಲ್ಲೂಕು ಸಮ್ಮೇಳನದ ಗೋಷ್ಠಿ ನಡೆಸಿದಾಗ ನಾಲ್ವರ ಪರಿಚಯಕ್ಕೇ 14 ನಿಮಿಷ ಹೋಯಿತು. ಪ್ರಶಸ್ತಿಗಳ ಪಟ್ಟಿ ಓದಿದ್ದು ನಾನೇ! ಸಭಿಕರ ಪ್ರಶ್ನೆಗೆ ಮೊದಲೇ ಊಟದ ಸಾಲು ಶುರುವಾಗಿತ್ತು.

ಈ ಸಲ 60 ನಿಮಿಷವನ್ನು ಮೊದಲೇ ಹಂಚಿಟ್ಟೆ: ಪರಿಚಯ 4, ಮೊದಲ ಸುತ್ತು 20, ಎರಡನೆಯದು 16, ಸಭಿಕರಿಗೆ 15, ಮುಕ್ತಾಯಕ್ಕೆ 5. ಪರಿಚಯ ತಲಾ ಎರಡೇ ಸಾಲು: ಯಾರು, ಈ ವಿಷಯಕ್ಕೆ ಯಾಕೆ ಬಂದರು.

ವಿಷಯ ಹಳ್ಳಿ ಗ್ರಂಥಾಲಯ. ‘ನಿಮ್ಮ ಅಭಿಪ್ರಾಯವೇನು’ ಅಂತ ಕೇಳಿದರೆ ಭಾಷಣವೇ ಬರುತ್ತದೆ, ಅಲ್ವಾ? ಅದಕ್ಕೇ ಗ್ರಂಥಪಾಲಕರಿಗೆ ಮೊದಲ ಪ್ರಶ್ನೆ ಹೀಗೆ ಬರೆದುಕೊಂಡೆ: ‘ಸರ್, ಕಳೆದ ವಾರ ಮಕ್ಕಳು ಜಾಸ್ತಿ ಕೇಳಿದ ಪುಸ್ತಕ ಯಾವುದು?’ ಅವರು ಹೆಸರು ಹೇಳಿ, ‘ಇರೋದು ಒಂದೇ ಪ್ರತಿ, ಅದೂ ಹರಿದಿದೆ’ ಎಂದರು. ಆ ಕೊನೆಯ ಮಾತನ್ನೇ ಹಿಡಿದು ದಾಟಿದೆ: ‘ಹರಿದ ಪುಸ್ತಕ ಅಂದಿರಿ. ಮೇಡಂ, ನಿಮ್ಮ ಶಾಲೆಯಲ್ಲಿ ಅದಕ್ಕೇನು ಮಾಡುತ್ತೀರಿ?’

ಸಮಯ ಮುಗಿಯಿತು ಅಂತ ಮಾತಾಡುವವರಿಗೆ ಚೀಟಿ ಕಳಿಸಿದರೆ ಅದು ಸುಮ್ನೆ ಜೇಬಿಗೆ ಸೇರುತ್ತದೆ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿಯನ್ನು ಕೂರಿಸಿದೆ. ಒಂದು ನಿಮಿಷ ಉಳಿದಾಗ ಹಳದಿ ಹಾಳೆ, ಮುಗಿದಾಗ ಕೆಂಪು. ಇದನ್ನು ಅತಿಥಿಗಳಿಗೆ ಚಹಾ ಕುಡಿಯುವಾಗಲೇ ತೋರಿಸಿದ್ದೆ. ಒಬ್ಬ ಹಿರಿಯರು ಕೆಂಪನ್ನೂ ನೋಡಲಿಲ್ಲ. ಮೈಕ್ ಹಿಡಿದು ಎದ್ದು ನಿಂತೆ, ಅವರು ಉಸಿರೆಳೆದಾಗ ‘ಸರ್, ಇದನ್ನು ಎರಡನೇ ಸುತ್ತಿನಲ್ಲಿ ಮುಂದುವರಿಸೋಣ’ ಎಂದೆ. ನಕ್ಕು ನಿಲ್ಲಿಸಿದರು.

ಗೋಷ್ಠಿ 62ನೇ ನಿಮಿಷಕ್ಕೆ ಮುಗಿಯಿತು. ಆ ಎರಡು ನಿಮಿಷ ಶಾಲು ಹೊದಿಸಲು ಹೋಯಿತು, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.