ಲೋಡ್ ಹಾಕಿದರೆ ಕುಸಿಯುವ ವೋಲ್ಟೇಜ್: ನನ್ನ ಅನುಭವ

ಗಂಗಾವತಿಯ ನನ್ನ ರಿಪೇರಿ ಅಂಗಡಿಗೆ ಟ್ಯಾಂಕಿನ ನೀರಿನ ಮಟ್ಟ ತೋರಿಸುವ ಚಿಕ್ಕ ಬೋರ್ಡೊಂದು ಬಂದಿತ್ತು. ಅದಕ್ಕೆ ಬೇಕಾದದ್ದು 5 ವೋಲ್ಟ್, ಇದ್ದದ್ದು 12 ವೋಲ್ಟ್ ಬ್ಯಾಟರಿ. ಕೆಲಸ ಕಲಿಯುತ್ತಿದ್ದ ಹುಡುಗ ಮೇಲೆ 6.8 ಕಿಲೋಓಮ್, ಕೆಳಗೆ 4.7 ಕಿಲೋಓಮ್ ರೆಸಿಸ್ಟರ್ ಹಾಕಿ, ಬ್ಯಾಟರಿಯ ವೋಲ್ಟೇಜನ್ನು ಎರಡು ಪಾಲಾಗಿ ಹಂಚುವ ವೋಲ್ಟೇಜ್ ಡಿವೈಡರ್ ಕಟ್ಟಿದ. ಮೀಟರ್ 4.9 ವೋಲ್ಟ್ ತೋರಿಸಿತು. ಬೋರ್ಡ್ ಜೋಡಿಸಿದೊಡನೆ ಅದು ಸುಮಾರು 3ಕ್ಕೆ ಇಳಿಯಿತು.

"ಬೋರ್ಡೇ ಶಾರ್ಟ್ ಆಗಿರಬೇಕು ಅಣ್ಣ" ಎಂದ.

ಬೋರ್ಡ್ ತೆಗೆದು, ಆ ಜಾಗಕ್ಕೆ ಸುಮಾರು ಬೋರ್ಡಿನಷ್ಟೇ ಕರೆಂಟ್ ಎಳೆಯುವ ಒಂದು ಒಳ್ಳೆಯ 4.7 ಕಿಲೋಓಮ್ ರೆಸಿಸ್ಟರನ್ನು ಹಾಕಲು ಹೇಳಿದೆ. ಮೀಟರ್ 3.08 ತೋರಿಸಿತು. ಬೋರ್ಡಿನ ಮೇಲಿನ ಆರೋಪ ಅಲ್ಲಿಗೇ ಬಿದ್ದುಹೋಯಿತು.

ಮೇಲಿನ ರೆಸಿಸ್ಟರ್ R1, ಕೆಳಗಿನದು R2 ಎಂದಿಟ್ಟುಕೊಂಡರೆ ಅವನು ಬಳಸಿದ ಸೂತ್ರ Vout = Vin × R2 / (R1 + R2). ಕೆಳಗಿನ ರೆಸಿಸ್ಟರಿನ ಪಕ್ಕದಲ್ಲಿ ಬೇರೇನೂ ಇಲ್ಲದಿದ್ದಾಗ ಮಾತ್ರ ಇದು ಸರಿ. ಲೋಡ್, ಅಂದರೆ ಬೋರ್ಡಿನಂತೆ ಕರೆಂಟ್ ಎಳೆಯುವ ಯಾವುದೇ ವಸ್ತು ಬಂದರೆ, ಅದು R2ಗೆ ಸಮಾಂತರವಾಗಿ ಕೂರುತ್ತದೆ. 4.7 ಮತ್ತು 4.7 ಸೇರಿ 2.35 ಕಿಲೋಓಮ್ ಆಗುತ್ತದೆ. ಮೇಲಿನ ರೆಸಿಸ್ಟರಿನಲ್ಲಿ ಕರೆಂಟ್ ಹೆಚ್ಚುತ್ತದೆ, ಅದರ ಪಾಲಿನ ವೋಲ್ಟೇಜೂ ಹೆಚ್ಚುತ್ತದೆ. ಕೆಳಗೆ ಉಳಿಯುವುದು 12 × 2.35 / 9.15, ಅಂದರೆ 3.08. ಡಿಜಿಟಲ್ ಮೀಟರ್ ಸಾಮಾನ್ಯವಾಗಿ 10 ಮೆಗಾಓಮ್‌ನದ್ದಾದ್ದರಿಂದ ಅದೊಂದೇ ಇದ್ದಾಗ ಈ ಕುಸಿತ ಕಣ್ಣಿಗೆ ಬೀಳುವುದಿಲ್ಲ. ಹುಡುಗ ಮೋಸಹೋದದ್ದು ಇಲ್ಲಿಯೇ.

ಹಾಗಾದರೆ R2 ಬದಲು 2.35 ಇಟ್ಟು ಹಿಂದಿನಿಂದ ಲೆಕ್ಕ ಹಾಕಬೇಕು. 5 ವೋಲ್ಟ್ ಬೇಕಾದರೆ ಮೇಲಿನ ರೆಸಿಸ್ಟರ್ 2.35 × 7 / 5, ಅಂದರೆ 3.29 ಕಿಲೋಓಮ್ ಇರಬೇಕು. ಅಂಗಡಿಯಲ್ಲಿ ಸಿಗುವುದು 3.3. ಹಾಕಿ ನೋಡಿದರೆ 4.99 ವೋಲ್ಟ್! ಹುಡುಗ ಖುಷಿಯಾದ. ನಾನು ಲೋಡ್ ತೆಗೆದು ಮೀಟರ್ ತೋರಿಸಿದೆ: 7 ವೋಲ್ಟಿಗಿಂತ ತುಸು ಹೆಚ್ಚು. 5 ವೋಲ್ಟಿನ ಬೋರ್ಡ್ ಒಂದು ಗಳಿಗೆ ಕರೆಂಟ್ ಎಳೆಯುವುದನ್ನು ಕಡಿಮೆ ಮಾಡಿದರೂ ಆ ವೋಲ್ಟೇಜ್ ಅದರ ತಲೆಯ ಮೇಲೆ ಬೀಳುತ್ತದೆ. ಲೋಡ್ ಎಂದೂ ಬದಲಾಗದಿದ್ದರೆ ಮಾತ್ರ ಈ ತಿದ್ದುಪಡಿ ನಿಲ್ಲುತ್ತದೆ.

ಇನ್ನೊಂದು ದಾರಿ, ಎರಡೂ ರೆಸಿಸ್ಟರುಗಳನ್ನು ಹತ್ತನೇ ಒಂದಕ್ಕೆ ಇಳಿಸುವುದು: 680 ಮತ್ತು 470 ಓಮ್. ಆಗ ಲೋಡ್ ಹಾಕಿದರೂ 4.9ರಿಂದ 4.63ಕ್ಕೆ ಮಾತ್ರ ಇಳಿಯುತ್ತದೆ. ಆದರೆ ಲೋಡ್ ಇಲ್ಲದಾಗಲೂ ಡಿವೈಡರ್ 10 ಮಿಲಿಆಂಪ್‌ಗೂ ಹೆಚ್ಚು ಎಳೆಯುತ್ತಿರುತ್ತದೆ. ಬೋರ್ಡಿಗೆ ಬೇಕಾದದ್ದೋ ಸುಮಾರು 1 ಮಿಲಿಆಂಪ್. ಬ್ಯಾಟರಿಗೆ ಇದು ದಂಡ.

ಎಷ್ಟು ಕುಸಿಯುತ್ತದೆಂದು ಮೊದಲೇ ತಿಳಿಯಲು ನಾನು R1 ಮತ್ತು R2ಗಳ ಸಮಾಂತರ ಬೆಲೆ ನೋಡುತ್ತೇನೆ. ಮೊದಲಿನ ಜೋಡಿಗೆ ಅದು 2.78 ಕಿಲೋಓಮ್, 4.9 ವೋಲ್ಟಿನ ಹಿಂದೆ ಇಷ್ಟು ರೆಸಿಸ್ಟೆನ್ಸ್ ನಿಂತಿದೆ ಎಂದು ಭಾವಿಸಿದರೆ ಯಾವ ಲೋಡಿನ ಲೆಕ್ಕವೂ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಕೊನೆಗೆ ಬೋರ್ಡಿಗೆ ಹಾಕಿದ್ದು, ಲೋಡ್ ಬದಲಾದರೂ 5 ವೋಲ್ಟನ್ನೇ ಕೊಡುವ 7805 ರೆಗ್ಯುಲೇಟರ್. ಡಿವೈಡರನ್ನು ಬ್ಯಾಟರಿಯ ವೋಲ್ಟೇಜ್ ಅಳೆದು ತೋರಿಸುವಂಥ, ಕರೆಂಟ್ ಎಳೆಯದ ಕೆಲಸಕ್ಕೆ ಇಟ್ಟುಕೊಂಡೆವು.