ಬಿರುಬಿಸಿಲಿಗೆ ಸೀರೆ, ಕುರ್ತಾ: ನೂಲು ನೋಡಿ ಆರಿಸುವುದು ಹೇಗೆ?

ಏಪ್ರಿಲ್ ಬಂತೆಂದರೆ ಕಲಬುರಗಿ, ರಾಯಚೂರು, ಬಳ್ಳಾರಿಯ ಬಟ್ಟೆ ಅಂಗಡಿಗಳ ಮುಂದೆ ‘ಸಮ್ಮರ್ ಕಾಟನ್’, ‘ಸಾಫ್ಟ್ ಲಿನನ್’ ಎಂಬ ಫಲಕಗಳು ನೇತಾಡುತ್ತವೆ. ಆ ಬಟ್ಟೆಯಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂಬುದನ್ನು ಮಾತ್ರ ಫಲಕ ಹೇಳುವುದಿಲ್ಲ. ಮಧ್ಯಾಹ್ನದ ಬಿಸಿಲು ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಮೈಗೆ ಬೇಕಾಗಿರುವುದು ಆ ಲೆಕ್ಕವೇ. ಅದನ್ನು ತಿಳಿಯಲು ಪ್ರಯೋಗಾಲಯ ಬೇಡ. ಸೆರಗಿನ ತುದಿಯ ಎರಡು ನೂಲೆಳೆ, ಒಂದು ಕಡ್ಡಿಪೆಟ್ಟಿಗೆ, ಅಡುಗೆಮನೆಯ ಪುಟ್ಟ ತಕ್ಕಡಿ ಇದ್ದರೆ ಸಾಕು.

ಒಣಬಿಸಿಲಿನ ಲೆಕ್ಕ

ಬಟ್ಟೆ ಆರಿಸುವ ಮೊದಲು ನಮ್ಮ ಬಿಸಿಲು ಎಂಥದ್ದು ಎಂದು ತಿಳಿದಿರಬೇಕು. ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಬೆವರು ಆರುವುದಿಲ್ಲ, ಹತ್ತಿ ಬಟ್ಟೆಯೂ ಒದ್ದೆಯಾಗಿ ಮೈಗೆ ಅಂಟುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಗಾಳಿ ಒಣಗಿರುತ್ತದೆ, ಬೆವರು ಬಂದಷ್ಟೂ ಆರಿಹೋಗಲು ಸಿದ್ಧವಾಗಿರುತ್ತದೆ. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಣಬಿಸಿಲಿನಲ್ಲಿ ದೇಹಕ್ಕೆ ಉಳಿದಿರುವ ದೊಡ್ಡ ತಂಪು ಇದೊಂದೇ. ಬಟ್ಟೆ ಇದಕ್ಕೆ ಅಡ್ಡಿಯಾಗದೆ ಬೆವರನ್ನು ಹೀರಿ ಹೊರಗಿನ ಗಾಳಿಗೆ ಒಪ್ಪಿಸಬೇಕು.

ಹತ್ತಿಯ ಎಳೆ ನೀರನ್ನು ತನ್ನೊಳಗೇ ಇರಿಸಿಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲಿ ನೂರು ಗ್ರಾಂ ಹತ್ತಿ ಎಂಟು ಗ್ರಾಂನಷ್ಟು ತೇವ ಹಿಡಿದಿಟ್ಟರೆ, ಲಿನನ್ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಪಾಲಿಯೆಸ್ಟರ್‌ನದು ಅರ್ಧ ಗ್ರಾಂಗೂ ಕಡಿಮೆ. ಹೀಗಾಗಿ ಸಾಮಾನ್ಯ ಪಾಲಿಯೆಸ್ಟರ್ ಸೀರೆಯ ಒಳಗೆ ಬೆವರು ಚರ್ಮದ ಮೇಲೆಯೇ ಹರಿಯುತ್ತದೆ. ಬೆನ್ನು, ಸೊಂಟ, ಮೊಣಕಾಲ ಹಿಂದೆ ಅದು ಮೊದಲು ಗೊತ್ತಾಗುತ್ತದೆ. ಆಟದ ಉಡುಪುಗಳ ಪಾಲಿಯೆಸ್ಟರ್ ಬೆವರನ್ನು ಹರಡುವಂತೆ ನೇಯ್ದದ್ದು, ಅದರ ಮಾತು ಬೇರೆ. ಸೀರೆ ಅಂಗಡಿಯ ಪಾಲಿಯೆಸ್ಟರ್ ಅದಲ್ಲ.

ಇನ್ನೊಂದು ಮಾತು ಹಲವರಿಗೆ ವಿಚಿತ್ರವೆನಿಸಬಹುದು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ, ತೆರೆದ ತೋಳಿಗೆ ಬಡಿಯುವ ಗಾಳಿ ಮೈಗೆ ಶಾಖವನ್ನೇ ಸೇರಿಸುತ್ತದೆ. ಆದ್ದರಿಂದ ಬಿಸಿಲಿಗೆ ಹೋಗುವವರಿಗೆ ತೋಳಿಲ್ಲದ ಕುರ್ತಾಕ್ಕಿಂತ ಮೊಣಕೈ ದಾಟುವ ಸಡಿಲ ತೋಳಿನ ಹತ್ತಿ ಕುರ್ತಾ ಹಿತ. ನಮ್ಮ ಕಡೆಯ ಹೆಂಗಸರು ಹೊಲಕ್ಕೆ ಹೋಗುವಾಗ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವುದು, ಗಂಡಸರು ಪಟಕ ಸುತ್ತಿಕೊಳ್ಳುವುದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಅಂಗಡಿಯಲ್ಲಿ ಏನು ನೋಡಬೇಕು

ಮೊದಲು ಬಟ್ಟೆಯನ್ನು ಒಂದೇ ಪದರವಾಗಿ ಬೆಳಕಿಗೆ ಹಿಡಿಯಿರಿ. ಎಳೆಗಳ ನಡುವೆ ಸಣ್ಣ ಸಣ್ಣ ತೆರಪು ಸಮನಾಗಿ ಕಾಣಬೇಕು. ಆಮೇಲೆ ಅದನ್ನು ಬಾಯಿಗೆ ಹತ್ತಿರ ಹಿಡಿದು ಊದಿ, ಆಚೆ ಬದಿಯಲ್ಲಿ ಅಂಗೈ ಇಡಿ. ಉಸಿರು ಅಂಗೈಗೆ ಸಲೀಸಾಗಿ ತಾಗಿದರೆ ನೇಯ್ಗೆ ಗಾಳಿಯಾಡುವಂಥದ್ದು. ಹತ್ತಿಯಾದರೂ ಒತ್ತಾಗಿ ನೇಯ್ದಿದ್ದರೆ ಗಾಳಿ ತಡೆಯುತ್ತದೆ, ಸಡಿಲವಾಗಿ ನೇಯ್ದ ಪಾಲಿಯೆಸ್ಟರ್ ಗಾಳಿ ಬಿಡುತ್ತದೆ. ಹೀಗಾಗಿ ಈ ಪರೀಕ್ಷೆ ನೇಯ್ಗೆಯನ್ನಷ್ಟೇ ಹೇಳುತ್ತದೆ, ನೂಲನ್ನಲ್ಲ.

ನೂಲಿನ ಸುಳಿವಿಗೆ ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವವರೆಗೆ ಗಟ್ಟಿಯಾಗಿ ಹಿಡಿದು ಬಿಡಿ. ಲಿನನ್ ಚೂಪು ಸುಕ್ಕುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಹತ್ತಿಯೂ ಸುಕ್ಕಾಗುತ್ತದೆ, ಆದರೆ ಅಷ್ಟು ಚೂಪಾಗಿ ಅಲ್ಲ. ಪಾಲಿಯೆಸ್ಟರ್ ಹೆಚ್ಚಿದ್ದರೆ ಬಟ್ಟೆ ಏನೂ ಆಗದಂತೆ ಬಿಚ್ಚಿಕೊಳ್ಳುತ್ತದೆ. ಸುಕ್ಕಾಗದಂತೆ ರಾಸಾಯನಿಕ ಲೇಪ ಕೊಟ್ಟ ಹತ್ತಿಯೂ ಹೀಗೆಯೇ ಮಾಡುವುದರಿಂದ ಇದನ್ನು ಸುಳಿವೆಂದಷ್ಟೇ ತೆಗೆದುಕೊಳ್ಳಿ.

ಲಿನನ್ ಬಗ್ಗೆ ವಿಶೇಷ ಎಚ್ಚರ ಬೇಕು. ನಾವು ಹಿಂಡಿ ಮಾಡಿ ರೊಟ್ಟಿಯ ಜೊತೆ ತಿನ್ನುವ ಅಗಸೆಯ ಗಿಡದ ಕಾಂಡದ ನಾರೇ ಲಿನನ್. ಆದರೆ ನಮ್ಮ ಹೊಲಗಳ ಅಗಸೆ ಬೀಜಕ್ಕಾಗಿ ಬೆಳೆಯುವ ಗಿಡ್ಡ ತಳಿ. ನಾರಿಗೆ ಬೇಕಾದ ಎತ್ತರದ ಅಗಸೆ ಹೆಚ್ಚಾಗಿ ಫ್ರಾನ್ಸ್, ಬೆಲ್ಜಿಯಂ ಕಡೆಯಿಂದ ಬರುತ್ತದೆ. ಆಮದಿನ ನಾರಿನಿಂದ ನೇಯ್ದ ಶುದ್ಧ ಲಿನನ್ ಸೀರೆ ಐದಾರುನೂರು ರೂಪಾಯಿಗೆ ಸಿಗುವ ಮಾತೇ ಇಲ್ಲ. ಅಲ್ಲಲ್ಲಿ ದಪ್ಪಗಿರುವ ಎಳೆಯನ್ನು ಪಾಲಿಯೆಸ್ಟರ್‌ನಲ್ಲೂ ತಯಾರಿಸುತ್ತಾರೆ, ನೋಟಕ್ಕೆ ಅದು ಲಿನನ್‌ನಂತೆಯೇ ಇರುತ್ತದೆ.

ಇಳಕಲ್ ಸೀರೆ ಕೊಳ್ಳುವವರು ಒಡಲಿನ ನೂಲು ಯಾವುದೆಂದು ನೇರವಾಗಿ ಕೇಳಬೇಕು. ಹತ್ತಿಯ ಒಡಲಿನ ಇಳಕಲ್ ಬೇಸಿಗೆಗೆ ಚೆನ್ನ. ‘ಚಮಕಾ’ ಎನ್ನುವ ಕೃತಕ ರೇಷ್ಮೆ ಒಡಲಿಗೂ ಸೇರಿದ್ದರೆ ಹೊಳಪು ಹೆಚ್ಚುತ್ತದೆ, ಹತ್ತಿಯ ಪಾಲು ಇಳಿಯುತ್ತದೆ. ಕೈಮಗ್ಗದ ಗುರುತಿನ ಚೀಟಿ ಇದ್ದರೆ ಅದು ಕೈಯಲ್ಲಿ ನೇಯ್ದದ್ದು ಎಂದಷ್ಟೇ ಅರ್ಥ. ನೂಲು ಹತ್ತಿಯದೇ ಎಂದು ಆ ಚೀಟಿ ಹೇಳುವುದಿಲ್ಲ.

ಮನೆಯಲ್ಲಿ ನೂಲಿನ ಪರೀಕ್ಷೆ

ರಾಯಚೂರಿನಲ್ಲಿ ಶಾಲಾ ಶಿಕ್ಷಕಿಯಾಗಿರುವ ನನ್ನಕ್ಕ ಕಳೆದ ಬೇಸಿಗೆಯಲ್ಲಿ ‘ಲಿನನ್ ಕಾಟನ್’ ಎಂದು ಕೊಂಡ ತಿಳಿಹಸಿರು ಸೀರೆಯನ್ನು ನಾವು ಹೀಗೆ ನೋಡಿದೆವು.

ಸೆರಗಿನ ಕುಚ್ಚಿನ ಬಳಿ ಉದ್ದಕ್ಕೆ ಹೋಗುವ ಹಾಸಿನ ಎಳೆ ಒಂದು, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಒಂದು ಬಿಡಿಸಿಕೊಂಡೆವು. ಎರಡನ್ನೂ ಬೇರೆ ಬೇರೆಯಾಗಿ ಸುಡಬೇಕು, ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಅಂಗೈ ಅಗಲದ ಸ್ಟೀಲ್ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ, ಎಳೆಯನ್ನು ಚಿಮಟಿಗೆಯಲ್ಲಿ ಹಿಡಿದು ತಟ್ಟೆಯ ಮೇಲೆಯೇ ಬೆಂಕಿ ತಾಗಿಸಬೇಕು. ಕೈಯಲ್ಲಿ ಹಿಡಿಯಬಾರದು, ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಹಾಸಿನ ಎಳೆ ತಟ್ಟನೆ ಹೊತ್ತಿ, ಜ್ವಾಲೆ ಆರಿದ ಮೇಲೂ ಕೆಂಡದ ಚುಕ್ಕಿಯಾಗಿ ಮೇಲೇರಿತು. ಸುಟ್ಟ ಕಾಗದದ ವಾಸನೆ ಬಂತು. ಉಳಿದದ್ದು ಮುಟ್ಟಿದರೆ ಪುಡಿಯಾಗುವ ಬೂದುಬಣ್ಣದ ಬೂದಿ. ಅದು ಹತ್ತಿಯಂಥ ನೂಲು. ಹೊಕ್ಕಿನ ಎಳೆ ಬೆಂಕಿ ಹತ್ತಿರ ಬರುತ್ತಿದ್ದಂತೆಯೇ ಮುದುಡಿ ಹಿಂದೆ ಸರಿಯಿತು, ಕರಗಿತು, ಕಪ್ಪು ಹೊಗೆ ಬಿಟ್ಟಿತು. ತಣ್ಣಗಾದ ಮೇಲೆ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಗಟ್ಟಿ ಕಪ್ಪು ಮಣಿ ಉಳಿದಿತ್ತು, ಉಗುರಿಗೆ ಒಡೆಯಲಿಲ್ಲ. ಅದು ಪಾಲಿಯೆಸ್ಟರ್. ಲಿನನ್‌ನಂತೆ ಕಾಣುತ್ತಿದ್ದ ಆ ದಪ್ಪ ತೆಳು ಎಳೆಗಳೆಲ್ಲ ಈ ಹೊಕ್ಕಿನವೇ ಆಗಿದ್ದವು!

ಒಂದೇ ಎಳೆಯಲ್ಲಿ ಹತ್ತಿ, ಪಾಲಿಯೆಸ್ಟರ್ ಬೆರೆಸಿ ನೂತಿದ್ದರೂ ಗೊತ್ತಾಗುತ್ತದೆ. ಟೆರಿಕಾಟ್ ಅಂಥದ್ದು. ಅದು ಹತ್ತಿಯಂತೆ ಹೊತ್ತಿಕೊಳ್ಳುತ್ತದೆ, ಆದರೆ ತಣ್ಣಗಾದ ಬೂದಿಯನ್ನು ಬೆರಳಲ್ಲಿ ಉಜ್ಜಿದಾಗ ಗಟ್ಟಿ ಹರಳು ಸಿಗುತ್ತವೆ.

ಸುಡುವ ಪರೀಕ್ಷೆಗೆ ಒಂದು ಮಿತಿ ಇದೆ. ಕುರ್ತಾಗಳಲ್ಲಿ ಹೇರಳವಾಗಿ ಬರುವ ರೇಯಾನ್ ಕೂಡ ಹತ್ತಿಯಂತೆಯೇ ಸುಡುತ್ತದೆ. ಅದನ್ನು ಬೇರ್ಪಡಿಸಲು ಎಳೆಯ ನಡುಭಾಗವನ್ನು ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುವುದರಿಂದ ಅಲ್ಲಿಯೇ ತುಂಡಾಗುತ್ತದೆ. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿ, ಹಾಗಾಗಿ ಒಣಗಿದ ಕಡೆ ತುಂಡಾಗುತ್ತದೆ. ರೇಯಾನ್ ಬೆವರು ಹೀರುತ್ತದೆ, ಬೇಸಿಗೆಗೆ ತೊಟ್ಟರೆ ತಪ್ಪಿಲ್ಲ. ಆದರೆ ಬೆವರಿನಲ್ಲಿ ನೆನೆದು ದಿನವೂ ಒಗೆಸಿಕೊಳ್ಳುವ ಬಟ್ಟೆಗೆ ಅದು ಬಾಳಿಕೆ ಬರುವುದಿಲ್ಲ.

ಕೊನೆಯದು ತೂಕ. ಸೀರೆಯ ಉದ್ದವನ್ನು ಅಗಲದಿಂದ ಗುಣಿಸಿ, ಗ್ರಾಂ ಲೆಕ್ಕದ ತೂಕವನ್ನು ಅದರಿಂದ ಭಾಗಿಸಿ. ಅಕ್ಕನ ಸೀರೆ 5.5 ಮೀಟರ್ ಉದ್ದ, 1.15 ಮೀಟರ್ ಅಗಲ, ಅಂದರೆ 6.3 ಚದರ ಮೀಟರ್. ತೂಕ 520 ಗ್ರಾಂ. ಚದರ ಮೀಟರಿಗೆ 82 ಗ್ರಾಂ ಆಯಿತು. ಸೀರೆಗೆ ಎಪ್ಪತ್ತರಿಂದ ನೂರರ ಒಳಗಿನ ತೂಕ ನನ್ನ ಅನುಭವದಲ್ಲಿ ಸರಿಯಾದದ್ದು. ಅದಕ್ಕಿಂತ ತೀರಾ ತೆಳುವಾದರೆ ಪಾರದರ್ಶಕವಾಗಿ, ಒಳಗೆ ದಪ್ಪ ಬಟ್ಟೆ ತೊಡಬೇಕಾಗುತ್ತದೆ. ಆ ಸೀರೆಯ ತೂಕ ಸರಿಯಿತ್ತು, ಹೊಕ್ಕು ಸರಿಯಿರಲಿಲ್ಲ. ಬಿಸಿಲಲ್ಲಿ ಬಸ್ಸಿಗೆ ಕಾಯುವ ದಿನಗಳಿಗೆ ಅದು ಬೇಡವೆಂದು ಅಕ್ಕ ಸಂಜೆಯ ಕಾರ್ಯಕ್ರಮಗಳಿಗೆ ಇಟ್ಟುಕೊಂಡಳು.

ಮರೆತುಹೋಗುವ ಒಳಪದರ

ಮೇಲೆ ಶುದ್ಧ ಹತ್ತಿ ಸೀರೆ, ಒಳಗೆ ಸ್ಯಾಟಿನ್ ಲಂಗವೋ ಮೈಗಂಟುವ ನೈಲಾನ್ ಲಂಗವೋ ಇದ್ದರೆ ಕೊಟ್ಟ ಹಣ ವ್ಯರ್ಥ. ಚರ್ಮಕ್ಕೆ ತಾಗುವುದು ಆ ಪದರವೇ. ನೆರಿಗೆಯ ಕಡೆ ಬಟ್ಟೆ ಪದರ ಪದರವಾಗಿ ಕೂಡುವುದರಿಂದ ಅಲ್ಲಿ ಲಂಗ ಹತ್ತಿಯದೇ ಇರಬೇಕು. ಒಣಹವೆಯಲ್ಲಿ ಎರಡು ಕೃತಕ ಬಟ್ಟೆಗಳು ಉಜ್ಜಿದಾಗ ಚಟಪಟ ಸದ್ದಾಗಿ ಸೀರೆ ಕಾಲಿಗೆ ಸುತ್ತಿಕೊಳ್ಳುವುದೂ ಹತ್ತಿ ಲಂಗದಿಂದ ಕಡಿಮೆಯಾಗುತ್ತದೆ. ರವಿಕೆಯ, ಕುರ್ತಾದ ಲೈನಿಂಗ್ ಬಟ್ಟೆಯ ಎಳೆಯನ್ನೂ ಸುಟ್ಟು ನೋಡಿ, ದರ್ಜಿಯ ಬಳಿ ಸಿಗುವ ಅಗ್ಗದ ಲೈನಿಂಗ್ ಬಹುಪಾಲು ಮಿಶ್ರಣ.

ಹತ್ತಿ ಲೈನಿಂಗ್ ಮತ್ತು ಫಾಲ್ ತಂದಾಗ ಹೊಲಿಯುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತದಲ್ಲಿ ಅವು ಕುಗ್ಗಿ ಅಂಚು ಸೆಟೆದುಕೊಳ್ಳುತ್ತದೆ. ಕುರ್ತಾ ಬಟ್ಟೆಯೂ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು, 44 ಇಂಚು ಉದ್ದದ ಕುರ್ತಾದಲ್ಲಿ ಅದು ಎರಡು ಇಂಚಿನವರೆಗೆ ಹೋಗುತ್ತದೆ.

ಒಗೆತ, ಗಂಜಿ

ಹೊಸ ಹತ್ತಿ ಬಟ್ಟೆಯಲ್ಲಿ ಮಿಲ್ಲಿನ ಗಂಜಿ ಇರುವುದರಿಂದ ಮೊದಲು ನೀರು ಹೀರುವುದಿಲ್ಲ. ತಣ್ಣೀರಲ್ಲಿ ಬೇರೆಯಾಗಿ ಒಂದೆರಡು ಸಲ ಒಗೆದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ, ಅದು ಗುಂಡಗೆ ನಿಲ್ಲದೆ ಹರಡಿಕೊಂಡರೆ ಬಟ್ಟೆ ಬಳಕೆಗೆ ಸಿದ್ಧ. ಮೃದುಗೊಳಿಸುವ ದ್ರಾವಣ ಬಳಸಬೇಡಿ, ಅದು ಎಳೆಯ ಮೇಲೆ ಪೊರೆಯಾಗಿ ಕೂತು ಬೆವರು ಹೀರುವುದನ್ನು ತಡೆಯುತ್ತದೆ.

ಗಂಜಿಯ ವಿಷಯದಲ್ಲಿ ನಮ್ಮವರ ಕೈ ಸ್ವಲ್ಪ ದೊಡ್ಡದು. ಬಟ್ಟೆ ತಗಡಿನಂತೆ ನಿಲ್ಲುವಷ್ಟು ಗಂಜಿ ಹಾಕಿದರೆ ಎಳೆಗಳ ನಡುವಿನ ತೆರಪು ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಸಾಬೂದಾನಿ ಗಂಜಿಯನ್ನು ಹಾಲಿನಷ್ಟು ತೆಳುವಾಗಿ ಸೋಸಿ, ಒಂದು ಬಕೆಟ್ ನೀರಿಗೆ ಒಂದು ಲೋಟ ಬೆರೆಸಿ ಅದ್ದಿದರೆ ಸೀರೆ ಮೈಯಿಂದ ಸ್ವಲ್ಪ ದೂರ ನಿಲ್ಲುತ್ತದೆ, ಗಾಳಿಯೂ ಆಡುತ್ತದೆ. ನೆರಳಲ್ಲಿ ಒಣಗಿಸಿ, ತುಸು ತೇವವಿರುವಾಗಲೇ ಇಸ್ತ್ರಿ ಮಾಡಿ.

ಮಳೆಗಾಲ ಹಿಡಿದು ಈ ಸೀರೆಗಳನ್ನು ಪೆಟ್ಟಿಗೆಗೆ ಸೇರಿಸುವಾಗ ಗಂಜಿಯನ್ನು ಪೂರ್ತಿ ಒಗೆದು ತೆಗೆದಿರಬೇಕು. ಗಂಜಿ ಇದ್ದ ಮಡಿಕೆಗಳಿಗೆ ಹುಳ ಬರುತ್ತದೆ, ಬೂಸ್ಟು ಹಿಡಿಯುತ್ತದೆ, ಮುಂದಿನ ಏಪ್ರಿಲ್‌ಗೆ ಬಿಚ್ಚಿದಾಗ ಮಡಿಕೆಯ ಉದ್ದಕ್ಕೂ ಸೀರೆ ಹರಿದಿರುತ್ತದೆ.