ಸ್ಲೈಡಿನ ತುಂಡು ಮಾತು ಓದುವ ಕರಪತ್ರವಾಗಿದ್ದು

ಶಿರಸಿಯಲ್ಲಿ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಬಗ್ಗೆ ಮಾತಾಡಿದ್ದೆ. ಸ್ಲೈಡುಗಳನ್ನೇ ಪ್ರಿಂಟ್ ಹಾಕಿ ಹಂಚಿದೆ. ಮಾರನೇ ದಿನ ಒಬ್ಬರು ಫೋನ್ ಮಾಡಿ, "ಚಾಕು ಪರೀಕ್ಷೆ ಅಂತ ಬರ್ದಿದ್ದೀರಿ, ಚಾಕು ತಗೊಂಡು ಏನು ಮಾಡಬೇಕು?" ಎಂದು ಕೇಳಿದರು. ಅವರು ಭಾಷಣಕ್ಕೆ ಬಂದಿರಲಿಲ್ಲ.

ಪವರ್‌ಪಾಯಿಂಟ್‌ನಲ್ಲಿ `View > Outline View` ತೆರೆದು ಎಲ್ಲ ಪಠ್ಯವನ್ನು ವರ್ಡ್‌ಗೆ ಹಾಕಿದೆ. ಎರಡು ಸ್ಲೈಡಿನ ಮಾತು ಬರಲೇ ಇಲ್ಲ. ಬೇರೆಯಾಗಿ ಸೇರಿಸಿದ ಟೆಕ್ಸ್ಟ್ ಬಾಕ್ಸ್‌ನಲ್ಲಿದ್ದದ್ದು ಅಲ್ಲಿ ಕಾಣುವುದಿಲ್ಲ. ಅದನ್ನು ಕೈಯಿಂದಲೇ ಸೇರಿಸಬೇಕಾಯಿತು.

ಶೀರ್ಷಿಕೆಗಳನ್ನು ಹಾಗೇ ಉಳಿಸಿಕೊಂಡೆ. ಆಮೇಲೆ ಪ್ರತಿ ಸಾಲಿಗೂ ಯಾರು, ಯಾವಾಗ, ಯಾಕೆ ಎಂದು ಕೇಳುತ್ತ ಹೋದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ "ಬೋರ್ಡೋ ತಯಾರಿ" ಸ್ಲೈಡಿನಲ್ಲಿ ಇದ್ದದ್ದು ಇಷ್ಟೇ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್, ಚಾಕು ಪರೀಕ್ಷೆ.

ಈಗ ಅದೇ ಶೀರ್ಷಿಕೆಯ ಕೆಳಗೆ ಹೀಗಿದೆ: "1 ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. 1 ಕೆಜಿ ಸುಣ್ಣವನ್ನು ಇನ್ನೊಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕಲಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಇಲ್ಲದಿದ್ದರೆ ಅಡಿಕೆ ಸುಡಬಹುದು."

ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬುದು ಸ್ಲೈಡಿನಲ್ಲಿ ಇರಲೇ ಇಲ್ಲ. ಅದನ್ನು ಬಾಯಲ್ಲಿ ಮಾತ್ರ ಹೇಳಿದ್ದೆ. ಸುಮ್ನೆ ಕ್ರಿಯಾಪದ ಸೇರಿಸಿದ್ದರೆ ಈ ಕೊರತೆ ಗೊತ್ತೇ ಆಗುತ್ತಿರಲಿಲ್ಲ.

ಕೊನೆಗೆ ಫೋನ್ ಮಾಡಿದವರಿಗೇ ಕರಡು ಕಳಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು: ಕಲಸಿದ್ದನ್ನು ನಾಳೆಗೆ ಇಡಬಹುದಾ? "ಅದೇ ದಿನ ಸಿಂಪಡಿಸಿ ಮುಗಿಸಿ" ಎಂಬ ಸಾಲನ್ನೂ ಸೇರಿಸಿದೆ.